ಸ್ಕ್ರೀನ್‌ಶಾಟ್ ಸುದ್ದಿ ಮುಟ್ಟಿಸುವವರು ಯಾರು?

ವಾಟ್ಸಾಪ್‌ನಲ್ಲಿ ಗೆಳೆಯನ ಸ್ಟೇಟಸ್ಸಿನದೋ ಮಾಮೂಲಿ ಚಾಟಿನದೋ ಸ್ಕ್ರೀನ್‌ಶಾಟ್ ತೆಗೆದರೆ ಅವನಿಗೆ ತಿಳಿಯುವುದಿಲ್ಲ. ಸ್ನ್ಯಾಪ್‌ಚಾಟ್‌ನಲ್ಲಿ ಅದನ್ನೇ ಮಾಡಿದರೆ, ನೀವು ತೆಗೆದಿರೆಂದು ಚಾಟಿನೊಳಗೇ ಒಂದು ಸಾಲು ಬೀಳುತ್ತದೆ. ಫೋನೂ ಒಂದೇ, ಒತ್ತಿದ ಗುಂಡಿಗಳೂ ಅವೇ. ಹಾಗಾದರೆ ಸುದ್ದಿ ಹೋಗುವುದು ಹೇಗೆ?

ಸ್ಕ್ರೀನ್‌ಶಾಟ್ ತೆಗೆಯುವುದು ಆ್ಯಪ್ ಅಲ್ಲ, ಫೋನಿನ ಆಪರೇಟಿಂಗ್ ಸಿಸ್ಟಂ. ಅದು ಆ್ಯಪ್‌ಗೆ ಹೇಳಬೇಕು, ಆ್ಯಪ್ ತನ್ನ ಸರ್ವರ್ ಮೂಲಕ ಎದುರಿನವರಿಗೆ ಮುಟ್ಟಿಸಬೇಕು. ಸ್ನ್ಯಾಪ್‌ಚಾಟ್‌ನ ಮೊದಲ ದಿನಗಳಲ್ಲಿ ಐಫೋನ್ ಇದನ್ನು ಹೇಳುತ್ತಲೇ ಇರಲಿಲ್ಲ. ಆಗ ಸ್ನ್ಯಾಪ್ ನೋಡಲು ಪರದೆಯ ಮೇಲೆ ಬೆರಳು ಒತ್ತಿ ಹಿಡಿದಿರಬೇಕಿತ್ತು. ಸ್ಕ್ರೀನ್‌ಶಾಟ್ ತೆಗೆದ ಕ್ಷಣ ಆ ಸ್ಪರ್ಶ ತಾನಾಗಿ ಕಡಿದುಹೋಗುತ್ತಿತ್ತು. ಸ್ನ್ಯಾಪ್‌ಚಾಟ್ ಅದರಿಂದಲೇ ಕಳ್ಳನನ್ನು ಹಿಡಿಯುತ್ತಿತ್ತು. 2013ರ ಐಒಎಸ್ 7 ಬಂದ ಮೇಲೆ ಫೋನೇ ಆ್ಯಪ್‌ಗೆ ಹೇಳತೊಡಗಿತು, ಆದರೆ ಚಿತ್ರ ತೆಗೆದಾದ ಮೇಲೆ. ಸ್ಕ್ರೀನ್ ರೆಕಾರ್ಡಿಂಗ್ ನಡೆಯುತ್ತಿದೆ ಎಂಬುದನ್ನು 2017ರ ಐಒಎಸ್ 11ರಿಂದ ಹೇಳುತ್ತಿದೆ.

ಆಂಡ್ರಾಯ್ಡ್ ನೇರವಾಗಿ ಹೇಳಲು ಶುರುಮಾಡಿದ್ದು 2023ರ ಆಂಡ್ರಾಯ್ಡ್ 14ರಲ್ಲಿ. ಅದಕ್ಕೂ ಮುಂಚೆ ಆ್ಯಪ್‌ಗಳು ಗ್ಯಾಲರಿಗೆ ಹೊಸ ಸ್ಕ್ರೀನ್‌ಶಾಟ್ ಬಂತೇ ಎಂದು ಕಾದು ನೋಡುತ್ತಿದ್ದವು. ಆದರೆ ಆಂಡ್ರಾಯ್ಡ್‌ನಲ್ಲಿ ಇನ್ನೊಂದು ದಾರಿ ಮೊದಲಿನಿಂದಲೂ ಇದೆ. ಆ್ಯಪ್ ತನ್ನ ಪರದೆಗೆ <code>FLAG_SECURE</code> ಎಂಬ ಗುರುತು ಹಾಕಿದರೆ ಸ್ಕ್ರೀನ್‌ಶಾಟ್ ಬರುವುದೇ ಇಲ್ಲ. ರೆಕಾರ್ಡ್ ಮಾಡಿದರೆ ಸಿಗುವುದು ಕಪ್ಪು ಪರದೆ. ಬ್ಯಾಂಕಿನ ಆ್ಯಪ್‌ಗಳಲ್ಲಿ ಇದನ್ನು ನೋಡಿರುತ್ತೀರಿ.

ಟೆಲಿಗ್ರಾಂನ ಸೀಕ್ರೆಟ್ ಚಾಟ್‌ನಲ್ಲಿ ಎರಡೂ ದಾರಿ ಕಾಣುತ್ತವೆ. ಆಂಡ್ರಾಯ್ಡ್‌ನಲ್ಲಿ ಅದು ಸ್ಕ್ರೀನ್‌ಶಾಟನ್ನೇ ತಡೆಯುತ್ತದೆ. ಐಫೋನಿನಲ್ಲಿ ತೆಗೆಯಲು ಬಿಟ್ಟು, ಎದುರಿನವರಿಗೆ ತಿಳಿಸುತ್ತದೆ. ಟೆಲಿಗ್ರಾಂನ ಮಾಮೂಲಿ ಚಾಟ್‌ನಲ್ಲಿ ಸುದ್ದಿ ಹೋಗುವುದಿಲ್ಲ.

ಸುದ್ದಿ ಕೈಗೆ ಸಿಕ್ಕರೂ ದಾಟಿಸಬೇಕೋ ಬೇಡವೋ ಎಂಬುದು ಕಂಪನಿಯ ತೀರ್ಮಾನ. ಇನ್‌ಸ್ಟಾಗ್ರಾಂ ಪೋಸ್ಟ್, ರೀಲ್, ಸ್ಟೋರಿ, ಮಾಮೂಲಿ ಮೆಸೇಜುಗಳ ವಿಷಯದಲ್ಲಿ ಸುಮ್ಮನಿರುತ್ತದೆ; 2018ರಲ್ಲಿ ಸ್ಟೋರಿಗೂ ಎಚ್ಚರಿಕೆ ಕೊಟ್ಟು ನೋಡಿ ಕೈಬಿಟ್ಟಿತು. ಮೆಸೇಜಿನಲ್ಲಿ ಕಳಿಸಿದ, ನೋಡಿದ ಮೇಲೆ ಮಾಯವಾಗುವ ಫೋಟೊ, ವಿಡಿಯೊಗಳಾದರೆ ಕಳಿಸಿದವರಿಗೆ ಹೇಳುತ್ತದೆ. ವಾಟ್ಸಾಪ್ ಯಾರಿಗೂ ಹೇಳುವುದಿಲ್ಲ, ಆದರೆ ಒಂದೇ ಸಲ ನೋಡಬಹುದಾದ ಫೋಟೊಗಳ ಸ್ಕ್ರೀನ್‌ಶಾಟನ್ನು 2022ರಿಂದ ತಡೆಯುತ್ತಿದೆ. ಉಳಿಯಲೆಂದೇ ಕಳಿಸಿದ್ದರ ಬಗ್ಗೆ ಸಾಮಾನ್ಯವಾಗಿ ಮೌನ, ಅಳಿಯಲೆಂದು ಕಳಿಸಿದ್ದರ ಬಗ್ಗೆ ಎಚ್ಚರಿಕೆ ಅಥವಾ ತಡೆ: ಬಹುಪಾಲು ಲೆಕ್ಕ ಇಷ್ಟೇ. ಚಾಟನ್ನೂ ಬಿಡದ ಸ್ನ್ಯಾಪ್‌ಚಾಟ್ ಇದಕ್ಕೆ ಅಪವಾದ.

ಈ ಏರ್ಪಾಡಿಗೂ ಮಿತಿಯಿದೆ. ಆಂಡ್ರಾಯ್ಡ್ 14ರ ಸೂಚನೆ ಬರುವುದು ಫೋನಿನ ಗುಂಡಿ ಒತ್ತಿ ತೆಗೆದಾಗ. ಕೇಬಲ್ ಹಾಕಿ ಕಂಪ್ಯೂಟರಿನಿಂದ <code>adb</code> ಆದೇಶ ಕೊಟ್ಟು ತೆಗೆದರೆ ಇಲ್ಲ. ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಫೋಟೊ ಹೊಡೆದರಂತೂ ಯಾವ ಆ್ಯಪ್‌ಗೂ ಸುಳಿವು ಸಿಗದು. ಎಚ್ಚರಿಕೆ ಬಂದರೆ ತೆಗೆದದ್ದು ಖಚಿತ. ಬರದಿದ್ದರೆ ತೆಗೆದಿಲ್ಲ ಎಂದು ಅರ್ಥವಲ್ಲ.