ಹಾಲುಹಲ್ಲಿನ ಮೇಲಿನ ಕಪ್ಪು ಗೆರೆ

ಎಂಟು ತಿಂಗಳ ಮಗು. ಕೆಳದವಡೆಯಲ್ಲಿ ಎರಡು ಹಲ್ಲು ಮೂಡಿ ತಿಂಗಳಾಗಿದೆ. ಒಂದು ಬೆಳಿಗ್ಗೆ ಮಗು ನಕ್ಕಾಗ ಹಲ್ಲಿನ ಬುಡದಲ್ಲಿ ಕಾಡಿಗೆ ಎಳೆದಂಥ ಗೆರೆ ತಾಯಿಯ ಕಣ್ಣಿಗೆ ಬೀಳುತ್ತದೆ. ಬೆರಳಲ್ಲಿ ಉಜ್ಜಿದರೂ ಹೋಗುವುದಿಲ್ಲ. “ಆ ಡ್ರಾಪ್ಸ್ ಹಾಕೋಕೆ ಶುರು ಮಾಡಿದ ಮೇಲೇ ಹೀಗಾಗಿದ್ದು, ನಿಲ್ಲಿಸಿಬಿಡಮ್ಮ” ಎನ್ನುತ್ತಾರೆ ಅಜ್ಜಿ. ಅನೇಕ ಮನೆಗಳಲ್ಲಿ ನಡೆಯುವ ಮಾತಿದು. ಅಜ್ಜಿ ಕಾರಣವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಅವರು ಹೇಳಿದಂತೆ ಔಷಧಿ ನಿಲ್ಲಿಸಿದರೆ ನಷ್ಟ ಮಗುವಿಗೆ.

ಹೊಟ್ಟೆಯಲ್ಲಿರುವ ಕೂಸು ತನಗೆ ಬೇಕಾದ ಕಬ್ಬಿಣವನ್ನು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಕೂಡಿಟ್ಟುಕೊಳ್ಳುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಈ ದಾಸ್ತಾನು ಸುಮಾರು ಆರು ತಿಂಗಳು ಸಾಲುತ್ತದೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಿಗೆ ಬೇಗನೆ ಮುಗಿದುಹೋಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ, ರಾಗಿಮಣ್ಣಿಯನ್ನಷ್ಟೇ ನಂಬಿದರೂ ಕೊರತೆ ತುಂಬುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಹಲ್ಲು ಕಪ್ಪಾಯಿತೆಂದು ಬಾಟಲಿಯನ್ನು ಮೂಲೆಗಿಡುವಂತಿಲ್ಲ ಎನ್ನುವುದು ಇದಕ್ಕೇ.

ಗೆರೆ ಮೂಡುವುದು ಹೇಗೆ? ಬಾಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಗಂಧಕದ ಅನಿಲವನ್ನು ಹೊರಬಿಡುತ್ತವೆ. ಹಲ್ಲಿನ ಮೇಲೆ ಉಳಿದ ಕಬ್ಬಿಣ ಅದರೊಂದಿಗೆ ಸೇರಿದಾಗ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಅದು ಹಲ್ಲಿನ ಮೇಲಿನ ತೆಳುಪದರಕ್ಕೆ ಅಂಟಿ, ವಸಡಿನ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತದೆ. ಹಲ್ಲಿನ ಒಳಗೆ ಏನೂ ಇಳಿದಿರುವುದಿಲ್ಲ. ಟೆಟ್ರಾಸೈಕ್ಲಿನ್ ಎಂಬ ಔಷಧಿಯ ಕಥೆ ಬೇರೆ. ಅದು ರಕ್ತದ ಮೂಲಕ ಹೋಗಿ, ಇನ್ನೂ ವಸಡಿನೊಳಗೆ ಬೆಳೆಯುತ್ತಿರುವ ಹಲ್ಲಿಗೇ ಬಣ್ಣ ಕೊಡುತ್ತದೆ. ಕಬ್ಬಿಣದ ಹನಿ ಹಾಗೆ ಮಾಡುವುದಿಲ್ಲ, ಅದು ತಾಗಿದ ಜಾಗಕ್ಕಷ್ಟೇ ಕಲೆ. ಆದ್ದರಿಂದ ಹನಿಯನ್ನು ಹಲ್ಲಿಗೆ ತಾಗಿಸದಿರುವುದು, ತಾಗಿದರೆ ಕೂಡಲೇ ಒರೆಸುವುದು, ಇವೆರಡೇ ಉಪಾಯ.

ಮೊದಲು ಅಳತೆ. ಅಂಗಡಿಯಲ್ಲಿ ಸಿಗುವ ಹನಿಗಳೆಲ್ಲ ಒಂದೇ ಸಾಂದ್ರತೆಯವಲ್ಲ. ನಮ್ಮ ಎಂಟು ತಿಂಗಳ ಮಗು ಏಳು ಕಿಲೋ ಇದೆ, ವೈದ್ಯರು ದಿನಕ್ಕೆ ಕಿಲೋಗೆ 2 ಮಿ.ಗ್ರಾಂ.ನಂತೆ ಕಬ್ಬಿಣ ಬರೆದಿದ್ದಾರೆ ಎಂದುಕೊಳ್ಳೋಣ. ಒಟ್ಟು 14 ಮಿ.ಗ್ರಾಂ. ಬಾಟಲಿಯ ಮೇಲೆ ‘ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ’ ಎಂದಿದ್ದರೆ 0.7 ಮಿ.ಲೀ. ಸಾಕು. ಮುಂದಿನ ತಿಂಗಳು ಅಂಗಡಿಯವರು ಬೇರೆ ಕಂಪನಿಯದು ಕೊಟ್ಟು, ಅದರಲ್ಲಿ 10 ಮಿ.ಗ್ರಾಂ ಮಾತ್ರ ಇದ್ದರೆ ಅದೇ ಮಗುವಿಗೆ 1.4 ಮಿ.ಲೀ. ಬೇಕು. ಹಳೆಯ ಗೆರೆಯವರೆಗೇ ಎಳೆದು ಕೊಟ್ಟರೆ ಮಗುವಿಗೆ ಸಿಗುವುದು ಅರ್ಧ. ಲೇಬಲ್ಲಿನಲ್ಲಿ ಲವಣದ ತೂಕವನ್ನು ಬಿಟ್ಟು ‘ಎಲಿಮೆಂಟಲ್ ಐರನ್’ ಎಂಬ ಅಂಕಿಯನ್ನೇ ನೋಡಬೇಕು. ಫೆರಸ್ ಸಲ್ಫೇಟಿನಲ್ಲಿ ಐದನೇ ಒಂದು ಪಾಲಷ್ಟೇ ನಿಜವಾದ ಕಬ್ಬಿಣ. ಬಾಟಲಿ ಬದಲಾದಾಗ ಡ್ರಾಪರ್ ಕೂಡ ಬದಲಾಗಬೇಕು, ಒಂದರದ್ದನ್ನು ಇನ್ನೊಂದಕ್ಕೆ ಬಳಸಬಾರದು. ಆಶಾ ಕಾರ್ಯಕರ್ತೆ ಕೊಡುವ ಸಿರಪ್ಪಿನಲ್ಲೂ ಕಬ್ಬಿಣವಿರುತ್ತದೆ. ಅದನ್ನು ವಾರಕ್ಕೆರಡು ಸಲ ಒಂದೊಂದು ಮಿ.ಲೀ. ಹಾಕುತ್ತಾರೆ. ಮಗು ಆಗಲೇ ದಿನವೂ ಹನಿ ಕುಡಿಯುತ್ತಿದ್ದರೆ ಅವರಿಗೂ ವೈದ್ಯರಿಗೂ ತಿಳಿಸಬೇಕು.

ಇನ್ನು ಕುಡಿಸುವ ರೀತಿ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ ಬಾಯಿಗೆ ಸುರಿಯುವುದು ನಮ್ಮ ಹಳೆಯ ಅಭ್ಯಾಸ. ಕಬ್ಬಿಣಕ್ಕೆ ಅದು ಒಗ್ಗದು. ಔಷಧಿ ಮುಂದಿನ ಹಲ್ಲುಗಳ ಮೇಲೇ ಹರಿಯುತ್ತದೆ, ಅಳತೆ ಒಳಲೆಗೆ ಅಂಟಿ ಉಳಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಮಗುವಿಗೆ ನೆತ್ತಿಗೆ ಹತ್ತುವ ಭಯ. ಮಗುವನ್ನು ತೊಡೆಯ ಮೇಲೆ ಅರ್ಧ ಕೂತಂತೆ ಒರಗಿಸಿಕೊಂಡು, ತಲೆಯನ್ನು ಎಡಮೊಣಕೈಗೆ ಆನಿಸಬೇಕು. ಡ್ರಾಪರಿನ ತುದಿಯನ್ನು ಬಾಯಿಯ ಕೊನೆಯಿಂದ ಒಳಗೆ ತಂದು, ಕೆನ್ನೆ ಮತ್ತು ವಸಡಿನ ನಡುವಿನ ಸಂದಿಯಲ್ಲಿ ಹಿಂದಕ್ಕೆ ಇಡಬೇಕು. ನೇರ ಗಂಟಲಿಗೆ ಗುರಿಯಿಡಬಾರದು. ರಬ್ಬರನ್ನು ಒಂದೇ ಸಲ ಒತ್ತದೆ ಎರಡು ಮೂರು ಹನಿ ಬಿಟ್ಟು, ಮಗು ನುಂಗಿದ್ದನ್ನು ನೋಡಿ, ಮತ್ತೆ ಎರಡು ಮೂರು ಹನಿ. ಅಳುತ್ತಿರುವಾಗ ಬೇಡವೇ ಬೇಡ. ಸ್ವಲ್ಪ ಉಗುಳಿದರೆ ಅಂದಾಜಿನಲ್ಲಿ ಇನ್ನೊಂದು ಡೋಸ್ ಹಾಕಬಾರದು.

ಹಾಲಿನ ಬಾಟಲಿಗೆ ಬೆರೆಸಿಬಿಡೋಣ ಎಂದು ಕೆಲವರಿಗೆ ಅನಿಸುತ್ತದೆ. ಹಸುವಿನ ಹಾಲು ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತದೆ. ಮಗು ಹಾಲು ಉಳಿಸಿದರೆ ಔಷಧಿಯೂ ಉಳಿಯಿತು. ಮೇಲಾಗಿ ಕಬ್ಬಿಣ ಬೆರೆತ ಹಾಲು ಗುಟುಕು ಗುಟುಕಾಗಿ ಹಲ್ಲನ್ನು ತೋಯಿಸುತ್ತಲೇ ಇರುತ್ತದೆ. ಎರಡು ಹಾಲಿನ ನಡುವಿನ ಹೊತ್ತಿನಲ್ಲಿ ಕೊಡುವುದು ಒಳ್ಳೆಯದು. ಹೊಟ್ಟೆ ಕೆಟ್ಟು ವಾಂತಿಯಾದರೆ ಸ್ವಲ್ಪ ತಿನಿಸಿದ ಮೇಲೆ ಕೊಡಬಹುದು.

ಈಗ ಒರೆಸುವ ಕೆಲಸ. ಹಳೆಯ ಹತ್ತಿ ಪಂಚೆಯ ಒಗೆದ ತುಂಡೊಂದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ, ಕೈತೊಳೆದ ತೋರುಬೆರಳಿಗೆ ಸುತ್ತಿಕೊಳ್ಳಬೇಕು. ಇದನ್ನು ಔಷಧಿ ಹಾಕುವ ಮೊದಲೇ ಪಕ್ಕದಲ್ಲಿಟ್ಟುಕೊಂಡಿದ್ದರೆ ಓಡಾಟ ತಪ್ಪುತ್ತದೆ. ಮಗು ನುಂಗಿದ ಮೇಲೆ ಆರು ತಿಂಗಳು ದಾಟಿದ್ದರೆ ಒಂದೆರಡು ಚಮಚ ನೀರು, ದಾಟಿರದಿದ್ದರೆ ಬಟ್ಟೆಯಿಂದ ಒರೆಸುವುದೇ ಸಾಕು. ಮೊದಲು ಕೆನ್ನೆಯ ಸಂದಿ, ಆಮೇಲೆ ತುಟಿಯನ್ನು ಮೆಲ್ಲಗೆ ಎತ್ತಿ ವಸಡು, ಕೊನೆಗೆ ಹಲ್ಲಿನ ಮುಂಭಾಗ ಮತ್ತು ಹಿಂಭಾಗ. ಹಲ್ಲು ವಸಡನ್ನು ಸೇರುವ ಅಂಚಿನ ಮೇಲೆ ಹೆಚ್ಚು ಗಮನವಿರಲಿ, ಕಲೆ ಹುಟ್ಟುವುದು ಅಲ್ಲೇ. ಬಟ್ಟೆಯ ಮೇಲೆ ಕಂದು ಛಾಯೆ ಕಂಡರೆ ಶುದ್ಧ ಭಾಗವನ್ನು ತಿರುಗಿಸಿ ಇನ್ನೊಮ್ಮೆ ಒರೆಸಬೇಕು. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಹಲ್ಲೇ ಬಾರದ ಮಗುವಿಗೆ ಇದೆಲ್ಲ ಯಾಕೆ? ವಸಡಿನ ಮೇಲೆ ಕಲೆ ನಿಲ್ಲುವುದಿಲ್ಲ ಎನ್ನುವುದು ನಿಜ. ಆದರೆ ಸಿಹಿ ಬೆರೆಸಿದ ಔಷಧಿಯ ಅಂಟು ಹೋಗುತ್ತದೆ, ಬಾಯಲ್ಲಿ ಬೆರಳಾಡುವುದು ಮಗುವಿಗೂ ರೂಢಿಯಾಗುತ್ತದೆ. ಹಲ್ಲು ಮೂಡಿದ ಮೇಲೆ ಹೊಸದಾಗಿ ಶುರುಮಾಡಿದರೆ ಬೆರಳು ಕಚ್ಚಿಸಿಕೊಳ್ಳಬೇಕಾದೀತು!

ಎಷ್ಟು ಜಾಗ್ರತೆ ವಹಿಸಿದರೂ ಕಲೆ ಬಿದ್ದರೆ ಗಾಬರಿ ಬೇಡ. ಕಬ್ಬಿಣದ ಕಲೆ ಗಟ್ಟಿ, ನುಣುಪು, ಗೆರೆಯಾಗಿ ಇರುತ್ತದೆ. ದಂತವೈದ್ಯರು ಪಾಲಿಶ್ ಮಾಡಿ ತೆಗೆಯುತ್ತಾರೆ. ಹುಳುಕು ಹಾಗಲ್ಲ, ಮೊದಲು ಸುಣ್ಣದಂಥ ಬಿಳಿಮಚ್ಚೆ, ಆಮೇಲೆ ಕಂದು ಬಣ್ಣ, ಕೊನೆಗೆ ಗುಳಿ. ಅನುಮಾನವಿದ್ದರೆ ತೋರಿಸಿಬಿಡುವುದೇ ಸರಿ. ಇದ್ದಿಲ ಪುಡಿ, ಉಪ್ಪು, ನಿಂಬೆರಸ ಹಾಕಿ ಮನೆಯಲ್ಲೇ ತಿಕ್ಕಿದರೆ ಎಳೆ ಹಲ್ಲಿನ ಹೊರಪದರ ಸವೆಯುತ್ತದೆ. ಔಷಧಿ ನಡೆಯುತ್ತಿರುವಾಗ ಮಲವೂ ಕಪ್ಪು ಅಥವಾ ಕಡುಹಸಿರಾಗುತ್ತದೆ. ಅದೂ ಸಹಜ. ಮಲ ಟಾರಿನಂತೆ ಅಂಟಂಟಾಗಿದ್ದರೆ, ಕೆಂಪು ಕಂಡರೆ ಮಾತ್ರ ವೈದ್ಯರಲ್ಲಿಗೆ ಹೋಗಬೇಕು.

ಒರೆಸಿದ ಬಟ್ಟೆಯನ್ನು ಒಗೆಯಲು ಹಾಕುವ ಮೊದಲು ಬಾಟಲಿಯ ಮುಚ್ಚಳ ಬಿಗಿಯಬೇಕು. ಮಿ.ಲೀ.ಗೆ 20 ಮಿ.ಗ್ರಾಂ ಇರುವ 50 ಮಿ.ಲೀ. ಬಾಟಲಿಯಲ್ಲಿ ಒಂದು ಗ್ರಾಂ ಕಬ್ಬಿಣವಿದೆ. ಕಿಲೋಗೆ 60 ಮಿ.ಗ್ರಾಂ ದಾಟಿದರೆ ಕಬ್ಬಿಣ ಪ್ರಾಣಕ್ಕೇ ಕುತ್ತು ತರುವ ವಿಷವಾಗುತ್ತದೆ, ಅದರ ಮೂರನೇ ಒಂದು ಪಾಲಿಗೇ ವಾಂತಿ ಭೇದಿ ಶುರುವಾಗಬಹುದು. ಮನೆಯಲ್ಲಿ ಹತ್ತು ಕಿಲೋ ತೂಕದ ಅಕ್ಕನೋ ಅಣ್ಣನೋ ಇದ್ದರೆ, ಆ ಮಗುವಿಗೆ ಅಪಾಯ ತರಲು 30 ಮಿ.ಲೀ. ಸಾಕು. ಬಾಟಲಿಯನ್ನು ಕೈಗೆಟುಕದ ಕಪಾಟಿನಲ್ಲಿ ಬೀಗ ಹಾಕಿಡಿ. ಮಗು ಕುಡಿದಿದೆ ಎಂಬ ಅನುಮಾನ ಬಂದರೂ ವಾಂತಿಗೆ ಕಾಯದೆ, ಖಾಲಿ ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ.