ಹಾರುವ ಓತಿ ಮತ್ತು ಐದು ನಿಮಿಷದ ಭಾಷಣ

ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ‘ಪಠ್ಯದ ಆಚೆಗೂ ಓದಿ’ ಎನ್ನುವ ಅತಿಥಿಗಳು ಬಹಳ. ಏನನ್ನು ಓದಬೇಕು, ಅದು ಎಲ್ಲಿ ಸಿಗುತ್ತದೆ ಎಂದು ಹೇಳುವವರು ಕಡಿಮೆ. ಹತ್ತಾರು ಲೇಖಕರ ಹೆಸರು ಒಂದೇ ಉಸಿರಿನಲ್ಲಿ ಬಂದರೆ, ನೃತ್ಯದ ವೇಷ ತೊಟ್ಟು ಕಾಯುತ್ತಿರುವ ಮಕ್ಕಳಿಗೆ ಒಂದೂ ನೆನಪುಳಿಯದು.

ಒಂದೇ ಪುಸ್ತಕ ಸಾಕು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರೌಢಶಾಲೆಯ ಮಕ್ಕಳಿಗೆ ಹೇಳಿ ಮಾಡಿಸಿದ ಆಯ್ಕೆ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಕರ್ವಾಲೊ ಎಂಬ ವಿಜ್ಞಾನಿ ಹಾರುವ ಓತಿಯನ್ನು ಹುಡುಕಿ ಮಲೆನಾಡಿನ ಕಾಡು ಹೊಕ್ಕುತ್ತಾರೆ. ಅವರಿಗೆ ನೆರವಾಗುವವನು ಊರಿನವರು ಲೆಕ್ಕಕ್ಕೇ ಇಡದ ಮಂದಣ್ಣ; ಕಾಡನ್ನು ಅವನು ಬಲ್ಲಷ್ಟು ಬಲ್ಲವರಿಲ್ಲ. ಹಿಂದಿನ ಬೆಂಚಿನ ಹುಡುಗ ತಲೆ ಎತ್ತುವುದು ಇಲ್ಲೇ.

ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ. ಉದ್ದನೆಯ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಭಾಷಣಕಾರರು ಇಷ್ಟನ್ನು ಹೇಳಿ, ಅದು ಕೊನೆಗೆ ಕೈಗೆ ಸಿಕ್ಕಿತೇ ಎಂಬುದನ್ನು ಮಾತ್ರ ಹೇಳದೆ ನಿಲ್ಲಿಸಬೇಕು. ಕಥೆಯ ಸಾರಾಂಶವನ್ನೆಲ್ಲ ಒಪ್ಪಿಸಿಬಿಟ್ಟರೆ ಪುಸ್ತಕ ತೆರೆಯಲು ಕಾರಣವೇ ಉಳಿಯುವುದಿಲ್ಲ.

ಆದರೆ ಕುತೂಹಲಕ್ಕೆ ಆಯುಸ್ಸು ಕಡಿಮೆ. ಮರುದಿನ ಕೇಳಲು ಹೋದಾಗ ಬೀರುವಿಗೆ ಬೀಗ ಬಿದ್ದಿದ್ದರೆ ಭಾಷಣ ಅಲ್ಲಿಗೇ ಮುಗಿಯಿತು. ಆದ್ದರಿಂದ ಅತಿಥಿ ಮೊದಲೇ ಮುಖ್ಯೋಪಾಧ್ಯಾಯರೊಡನೆ ಮಾತಾಡಿ, ಕೆಲವು ಪ್ರತಿಗಳನ್ನು ವೇದಿಕೆಯ ಪಕ್ಕದ ಮೇಜಿನ ಮೇಲೆ ಇಡಿಸುವುದು ಒಳ್ಳೆಯದು. ಎರವಲು ಪುಸ್ತಕದಲ್ಲಿ ಹೆಸರು ಬರೆಯುವುದು ಅದೇ ಸಂಜೆ ಆಗಬೇಕು. ಒಂದೇ ಪ್ರತಿ ಇರುವ ಶಾಲೆಯಲ್ಲಿ ಕನ್ನಡ ಮೇಷ್ಟ್ರು ದಿನಕ್ಕೆ ಹತ್ತು ನಿಮಿಷ ತರಗತಿಯಲ್ಲೇ ಗಟ್ಟಿಯಾಗಿ ಓದಬಹುದು.