ಕರ್ಣದ ಮೇಲೆ ಬಂದು ಕೂರುವ ಸಂಖ್ಯೆಗಳು

ಒಂದು ಪುಟ್ಟ ಮ್ಯಾಟ್ರಿಕ್ಸ್. ಮೇಲಿನ ಅಡ್ಡಸಾಲಿನಲ್ಲಿ 3 ಮತ್ತು 1, ಕೆಳಗಿನದರಲ್ಲಿ −1 ಮತ್ತು 1. ಇದನ್ನು (1, −1) ಎಂಬ ಸದಿಶದ ಮೇಲೆ ಪ್ರಯೋಗಿಸಿದರೆ (2, −2) ಸಿಗುತ್ತದೆ. ದಿಕ್ಕು ಹಾಗೆಯೇ ಇದೆ, ಉದ್ದ ಮಾತ್ರ ಇಮ್ಮಡಿಯಾಗಿದೆ. ಇಂಥ ಸದಿಶಕ್ಕೆ ಐಗನ್ ಸದಿಶ ಎಂದೂ, ಆ 2ಕ್ಕೆ ಐಗನ್ ಮೌಲ್ಯ ಎಂದೂ ಹೆಸರು.

ಇಂಥ ದಿಕ್ಕು ಎರಡಿದ್ದಿದ್ದರೆ ಅವನ್ನೇ ಅಕ್ಷಗಳನ್ನಾಗಿ ಮಾಡಿಕೊಂಡು, ಕರ್ಣದಲ್ಲಿ ಬಿಟ್ಟು ಉಳಿದೆಡೆ ಸೊನ್ನೆ ಬರುವಂತೆ ಈ ಮ್ಯಾಟ್ರಿಕ್ಸನ್ನು ಬರೆಯಬಹುದಿತ್ತು. ಆದರೆ ಎಷ್ಟು ಹುಡುಕಿದರೂ ಇದಕ್ಕಿರುವುದು ಆ ಒಂದೇ ದಿಕ್ಕು.

ಜರ್ಮನಿಯ ಗಣಿತಜ್ಞ ಇಸ್ಸಾಯ್ ಶೂರ್ 1909ರಲ್ಲಿ ತೋರಿಸಿದ ದಾರಿ ಇಲ್ಲಿ ನೆರವಿಗೆ ಬರುತ್ತದೆ. ಎಲ್ಲ ಕಡೆ ಸೊನ್ನೆ ಬೇಡ, ಕರ್ಣದ ಕೆಳಗಷ್ಟೇ ಸಾಕು ಎಂದುಕೊಂಡರೆ ಯಾವ ಚೌಕ ಮ್ಯಾಟ್ರಿಕ್ಸೂ ಹಟ ಹಿಡಿಯುವುದಿಲ್ಲ. ಷರತ್ತು ಒಂದೇ: ಸಂಕೀರ್ಣ ಸಂಖ್ಯೆಗಳನ್ನು ಬಳಸಲು ಒಪ್ಪಬೇಕು. ಅಲ್ಲಿ ಪ್ರತಿ ಬಹುಪದೋಕ್ತಿಗೂ ಮೂಲವಿರುವುದರಿಂದ ಒಂದಾದರೂ ಐಗನ್ ಸದಿಶ ಸಿಕ್ಕೇ ಸಿಗುತ್ತದೆ.

ಸಿಕ್ಕ ಸದಿಶದ ಉದ್ದವನ್ನು 1ಕ್ಕೆ ಇಳಿಸಿ ಮೊದಲ ಅಕ್ಷವಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು (1, −1)/√2. ಅದಕ್ಕೆ ಲಂಬವಾದ (1, 1)/√2 ಎರಡನೆಯ ಅಕ್ಷ. ಹೀಗೆ ಉದ್ದವನ್ನೂ ಲಂಬತೆಯನ್ನೂ ಕೆಡಿಸದ ಅಕ್ಷ ಬದಲಾವಣೆಯೇ ಯೂನಿಟರಿ. ಹೊಸ ಅಕ್ಷಗಳಲ್ಲಿ ಮ್ಯಾಟ್ರಿಕ್ಸಿನ ರೂಪ:

```
2  2
0  2
```

ಮೊದಲ ಅಕ್ಷ ತನ್ನ ದಿಕ್ಕು ಬಿಟ್ಟು ಕದಲುವುದಿಲ್ಲವಾದ್ದರಿಂದ ಮೊದಲ ಕಂಬಸಾಲಿನಲ್ಲಿ 2ರ ಕೆಳಗೆ ಸೊನ್ನೆ ಬಂತು. ಮ್ಯಾಟ್ರಿಕ್ಸ್ ದೊಡ್ಡದಿದ್ದರೆ ಮೊದಲ ಅಡ್ಡಸಾಲು, ಕಂಬಸಾಲುಗಳನ್ನು ಬಿಟ್ಟು ಉಳಿದ ಚಿಕ್ಕ ಚೌಕದ ಮೇಲೆ ಇದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತ ಹೋದರಾಯಿತು.

ಐಗನ್ ಮೌಲ್ಯ ಕರ್ಣದಲ್ಲೇ ಕಾಣುವುದೇಕೆ? ಕರ್ಣದ ಪ್ರತಿ ಸಂಖ್ಯೆಯಿಂದ λ ಕಳೆದಾಗ ಮ್ಯಾಟ್ರಿಕ್ಸಿನ ನಿರ್ಧಾರಕ ಸೊನ್ನೆಯಾದರೆ ಆ λ ಐಗನ್ ಮೌಲ್ಯ. ತ್ರಿಕೋನ ರೂಪದಲ್ಲಿ ನಿರ್ಧಾರಕವೆಂದರೆ ಕರ್ಣದ ಸಂಖ್ಯೆಗಳ ಗುಣಲಬ್ಧ, ಇಲ್ಲಿ (2−λ)(2−λ). ಅಕ್ಷ ಬದಲಿಸಿದರೂ ಈ ನಿರ್ಧಾರಕ ಬದಲಾಗದ ಕಾರಣ ಮೂಲ ಮ್ಯಾಟ್ರಿಕ್ಸಿಗೂ ಉತ್ತರ ಅದೇ: 2, ಎರಡು ಬಾರಿ. ಲೆಕ್ಕ ಸರಿಯೇ ಎಂದು ನೋಡಲು ಸಂಖ್ಯೆಗಳ ವರ್ಗಗಳನ್ನು ಕೂಡಬಹುದು. ಮೊದಲೂ 12, ಈಗಲೂ 12.

ಒಂದು ತೊಡಕಿದೆ. ಈ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಮೊದಲೇ ಒಂದು ಐಗನ್ ಮೌಲ್ಯ ಗೊತ್ತಿರಬೇಕು. ಐದನೆಯ ಘಾತದಿಂದಾಚೆಗೆ ಎಲ್ಲ ಸಮೀಕರಣಗಳಿಗೂ ಒಗ್ಗುವ ಮೂಲಚಿಹ್ನೆಗಳ ಸೂತ್ರವಿಲ್ಲ. ಹಾಗಾಗಿ ಕಂಪ್ಯೂಟರ್, 1960ರ ದಶಕದ ಆರಂಭದಲ್ಲಿ ಜಾನ್ ಫ್ರಾನ್ಸಿಸ್ ಮತ್ತು ವೆರಾ ಕುಬ್ಲಾನೋವ್ಸ್ಕಾಯಾ ಬೇರೆಬೇರೆಯಾಗಿ ರೂಪಿಸಿದ QR ವಿಧಾನ ಹಿಡಿದು, ಕರ್ಣದ ಕೆಳಗಿನ ಸಂಖ್ಯೆಗಳನ್ನು ಹಂತಹಂತವಾಗಿ ಸೊನ್ನೆಯತ್ತ ಸವೆಸುತ್ತದೆ. ಯೂನಿಟರಿ ಹೆಜ್ಜೆಗಳು ಉದ್ದ ಹಿಗ್ಗಿಸದ ಕಾರಣ ದಶಮಾಂಶ ಕತ್ತರಿಸುವಾಗಿನ ತಪ್ಪುಗಳನ್ನೂ ಅವು ಹಿಗ್ಗಿಸುವುದಿಲ್ಲ.

ಆದರೂ ಮ್ಯಾಟ್ರಿಕ್ಸೇ ಸೂಕ್ಷ್ಮವಾಗಿದ್ದರೆ ಯಾವ ವಿಧಾನವೂ ಕಾಯದು. ಮೇಲಿನ ತ್ರಿಕೋನ ರೂಪದಲ್ಲಿ ಸೊನ್ನೆಯ ಜಾಗಕ್ಕೆ 0.00000002 ಬಂದರೆ ಐಗನ್ ಮೌಲ್ಯಗಳು 2.0002 ಮತ್ತು 1.9998 ಆಗುತ್ತವೆ. ತಪ್ಪು ಹತ್ತು ಸಾವಿರ ಪಟ್ಟು ಬೆಳೆಯಿತು. ಕಂಪ್ಯೂಟರ್ ಒಂದಕ್ಕೊಂದು ತೀರಾ ಹತ್ತಿರದ ಎರಡು ಐಗನ್ ಮೌಲ್ಯಗಳನ್ನು ಕೊಟ್ಟಾಗ ಅವುಗಳ ಕೊನೆಯ ಅಂಕಿಗಳನ್ನು ಪರೀಕ್ಷಿಸದೆ ನಂಬಬಾರದು.